ಸಂತಿ ದಿನ ಗಲ್ಲಾದಾಗ 1,180 ಕಡಿಮಿ: ಹುಡುಗನ ಕೇಳೂ ಮೊದಲ ಏನ್ ನೋಡಬೇಕ್ರಿ?

ಜಮಖಂಡಿ_ಕಿರಾಣಿ

ಎಲ್ಲಾರಿಗೂ ನಮಸ್ಕಾರ್ರಿ. ಅಂಗಡಿ ಜಮಖಂಡ್ಯಾಗ ಐತಿ, 12 ಫೂಟ್ ಅಗಲ, 30 ಫೂಟ್ ಉದ್ದ. ಮುಂದ ಕೌಂಟರ್, ಒಳಗ ಮೂರು ರ‍್ಯಾಕ್. ಸೋಪು, ಬಿಸ್ಕೀಟು, ಕ್ರೀಮು ಗಿರಾಕಿನ ಕೈಯಾರೆ ತಗೋತಾರ. ಕಾಳು, ಬೆಲ್ಲ, ಎಣ್ಣಿ ನಾವು ತೂಗಿ ಕೊಡತೀವಿ. ಬಿಲ್ಲಿಗೆ ಒಬ್ಬ ಹುಡುಗ, ಒಳಗ ಒಬ್ಬ ಹುಡುಗ.

ಸಂತಿ ದಿನದ ಲೆಕ್ಕ ಇದು. ಮುಂಜಾನೆ ಶಿಲ್ಕು 3,000. ಕಂಪ್ಯೂಟರ್ ಪ್ರಕಾರ ಒಟ್ಟು ವ್ಯಾಪಾರ 41,860. ಅದರಾಗ ರೋಖ 23,640, ಫೋನ್ ಮ್ಯಾಲಿಂದು 16,420, ಉದ್ರಿ 1,800. ಗಲ್ಲಾದಿಂದ ಹಾಲು, ಹಮಾಲಿ, ಚಹಾ ಅಂತ 1,150 ಕೊಟ್ಟೈತಿ. ಅಂದ್ರ ಗಲ್ಲಾದಾಗ 25,490 ಇರಬೇಕು. ಎಣಿಸಿದ್ರ 24,310. ಅಂದ್ರ 1,180 ಕಡಿಮಿ. ರ‍್ಯಾಕಿನಾಗ ಬ್ಲೇಡು, ತಲಿಗೆ ಹಚ್ಚೂ ಬಣ್ಣದ ಪಾಕೀಟು, ಸಣ್ಣ ತುಪ್ಪದ ಡಬ್ಬಿ ಕೂಡ ಕಡಿಮಿ ಬೀಳಾಕತ್ತಾವು.

ಹುಡುಗಗ ಕೇಳಬೇಕಂದ್ರ ಬಾಯಿ ಬರವಲ್ದು. ಗಿರಾಕಿ ಚೀಲ ನೋಡಬೇಕಂದ್ರ ಎಲ್ಲಾರೂ ಗುರ್ತಿನವ್ರು. ಎಲ್ಲಿಂದ ಶುರು ಮಾಡ್ಲಿ?

ಮಾರ್ಕೆಟ್_ಗೆಳೆಯ

ಸಾಹುಕಾರ, ಇದ್ರಾಗ ಕೇಳೂದೇನೈತಿ? ಗಲ್ಲಾ ಕಡಿಮಿ ಬಿತ್ತಂದ್ರ ಗಲ್ಲಾ ಮ್ಯಾಲ ಕುಂತವಂದ ಕೈ. ನಾಳಿ ಬ್ಯಾರೇ ಹುಡುಗನ್ನ ಕುಂದ್ರಸ್ರಿ. ಲೆಕ್ಕ ಸರಿ ಬಂತಂದ್ರ ಮೊದಲಿನವ ಕಳ್ಳ.

ಕಿರ್ದಿ_ಖಾತೆ

ಮಾರ್ಕೆಟ್ ಗೆಳೆಯರ ಮಾತು ಕೇಳಾಕ ಸರಿ ಅನಸ್ತೈತಿ, ಆದ್ರ ನಡೆಯೋದು ಬಹಳ ಸಲ ಉಲ್ಟಾ. ಬಿಲ್ಲಿಗೆ ಕುಂತವನಿಗೆ ನಿಜವಾಗಿಯೂ ಕದಿಯೋ ಮನಸ್ಸಿದ್ದರೆ, ಬಿಲ್ ಮಾಡಿದ ರೊಕ್ಕ ಮುಟ್ಟೋದಿಲ್ಲ. ಬಿಲ್ ಮಾಡದೇ ಸಾಮಾನು ಕೊಡ್ತಾನೆ, ಇಲ್ಲಾ ಮಾಡಿದ ಬಿಲ್ ಅಳಿಸಿ ಹಾಕ್ತಾನೆ. ಆ ರೊಕ್ಕ ಕಂಪ್ಯೂಟರಿನಲ್ಲೇ ಇರೋದಿಲ್ಲ, ಹಾಗಾಗಿ ರಾತ್ರಿ ಗಲ್ಲಾ ಪೈಸೆಗೆ ಪೈಸೆ ತಾಳೆ ಬೀಳ್ತದೆ. ಕಡಿಮೆ ಬಿದ್ದ ಗಲ್ಲಾ ಹೆಚ್ಚಾಗಿ ತಪ್ಪು ತೋರಿಸ್ತದೆ, ಕಳವು ತೋರಿಸೋದು ಅಪರೂಪ. ದಿನಾ ಸರಿಯಾಗಿ ಬರೋ ಗಲ್ಲಾ ಇದೆ ಅಂತ ಕಣ್ಣು ಮುಚ್ಚಿ ಕೂತರೂ ಮೋಸ ಹೋಗ್ತೀರಿ.

ಜಮಖಂಡಿಯವರೇ, ಹುಡುಗನಿಗೆ ಒಂದು ಮಾತೂ ಕೇಳೋ ಮೊದಲು ಮೂರು ನೋಡಿ ಹೇಳ್ರಿ. ಫೋನಿನ ವ್ಯಾಪಾರಿ ಆ್ಯಪಿನಲ್ಲಿ ಆ ದಿನ ಜಮಾ ಆದದ್ದು ಎಷ್ಟು? ಮೊತ್ತ ಅಷ್ಟೇ ಸಾಲದು, ಒಂದೊಂದು ಜಮಾ ಒಂದೊಂದು ಬಿಲ್ಲಿಗೆ ಹಚ್ಚಿ ನೋಡ್ರಿ. ಉದ್ರಿ ವಹಿಯಲ್ಲಿ ಆ ದಿನ ಬರೆದದ್ದು ಎಷ್ಟು? ಹಳೇ ಉದ್ರಿ ಯಾರಾದರೂ ರೋಖ ತಂದು ಕೊಟ್ಟಿದ್ದರೇನು?

ಗೋಕಾಕ_ಫ್ಯಾನ್ಸಿ

ಕ್ಯಾಮೆರಾ ಯಾವುದು ಹಾಕಬೇಕು ಅಂತ ಕೇಳಾಕತ್ತೀರಿ ಅನಸ್ತೈತಿ. ನಮ್ಮ ಬಳೆ ಮತ್ತು ಫ್ಯಾನ್ಸಿ ಅಂಗಡ್ಯಾಗ ನಾಲ್ಕು ಅದಾವು, ಬಾಗಲಾ, ಗಲ್ಲಾ, ಎರಡೂ ಸಾಲು. ರಾತ್ರಿನೂ ಬಣ್ಣದಾಗ ಕಾಣೂವು ತಗೋರಿ, ಕಪ್ಪು ಬಿಳಿದ್ರಾಗ ಲಿಪ್‌ಸ್ಟಿಕ್ ಯಾವುದು ಕಾಜಲ್ ಯಾವುದು ತಿಳೀವಲ್ದು.

ಜಮಖಂಡಿ_ಕಿರಾಣಿ

ಕ್ಯಾಮೆರಾ ಐತ್ರಿ ಅಕ್ಕಾರ, ಎರಡು. ಕೇಳಿದ್ದು ಅದಲ್ಲ.

ಕಿರ್ದಿ ಅಣ್ಣಾರ, ಕುಂತು ಹಚ್ಚಿ ನೋಡಿದೆ. ಆ್ಯಪಿನಾಗ ಜಮಾ 16,900, ಅಂದ್ರ ಕಂಪ್ಯೂಟರಿಗಿಂತ 480 ಹೆಚ್ಚು ಬಂದೈತಿ. ಉದ್ರಿ ವಹಿಯೊಳಗ 2,120 ಬರದೈತಿ. 320ರ ಒಂದು ಬಿಲ್ಲು ಕಂಪ್ಯೂಟರಿನಾಗ ರೋಖ ಅಂತ ಹೋಗೈತಿ. ಹಳೇ ಉದ್ರಿದು ಒಬ್ರು 500 ಕೊಟ್ಟಾರ, ವಹಿಯೊಳಗ ಹೊಡದೀವಿ, ಕಂಪ್ಯೂಟರಿಗೆ ಹಾಕಿಲ್ಲ. ಹಂಗಾದ್ರ ಫೋನಿಂದ 480 ಹೆಚ್ಚು ಬಂತಲ್ಲ, ಅಷ್ಟು ಕಳದ್ರಾತಲ್ರಿ?

ಕಿರ್ದಿ_ಖಾತೆ

ಅಲ್ಲೇ ಎಲ್ಲರೂ ಎಡವೋದು. 480 ಅನ್ನೋದು ಎರಡು ಬೇರೆ ತಪ್ಪುಗಳು ಒಂದನ್ನೊಂದು ಮುಚ್ಚಿ ಉಳಿದ ಶೇಷ ಇರಬಹುದು. ಬಿಲ್ಲಿಗೆ ಬಿಲ್ಲು ಹಚ್ಚಿದಾಗ ಜೋಡಿ ಸಿಗದೆ ಉಳಿದವು ಯಾವು ಹೇಳ್ರಿ, ಎರಡೂ ಕಡೆಯಿಂದ.

ಜಮಖಂಡಿ_ಕಿರಾಣಿ

ಆ್ಯಪಿನಾಗ 620 ಮತ್ತು 340 ಜಮಾ ಅದಾವು, ಅವಕ್ಕ ಫೋನ್ ಬಿಲ್ಲು ಇಲ್ಲ. ಅದ ಮೊತ್ತದ ರೋಖ ಬಿಲ್ಲು ಎರಡು ಸಿಕ್ಕಾವು. ಇನ್ನೊಂದು, ಸಂಜೀ 7.42ಕ್ಕ 480ರ ಬಿಲ್ಲು ಫೋನ್ ಅಂತ ಹೋಗೈತಿ. ಆ್ಯಪಿನಾಗ ಆ ಹೊತ್ತಿಗೆ 480 ಬಂದಿಲ್ಲ.

ಕಿರ್ದಿ_ಖಾತೆ

ಈಗ ಲೆಕ್ಕ ಬಿಚ್ಕೊಂತು, ನೋಡ್ರಿ.

ಕಂಪ್ಯೂಟರ್ ರೋಖ ಅಂದದ್ದು 23,640. ಅದರಲ್ಲಿ 620 ಮತ್ತು 340, ಒಟ್ಟು 960, ನಿಜವಾಗಿ ಬ್ಯಾಂಕಿಗೆ ಹೋಗಿದೆ. 320 ಉದ್ರಿ. ಇವೆರಡನ್ನ ಕಳೆದರೆ 22,360. ಹಳೇ ಉದ್ರಿಯ 500 ಗಲ್ಲಾಕ್ಕೆ ಬಿದ್ದಿದೆ, ಅದನ್ನ ಕೂಡಿಸಿದರೆ 22,860. ಇದಕ್ಕೆ ಶಿಲ್ಕು 3,000 ಕೂಡಿಸಿ, ಖರ್ಚು 1,150 ತೆಗೆದರೆ ಗಲ್ಲಾದಲ್ಲಿ ಇರಬೇಕಾದ್ದು 24,710. ಎಣಿಸಿದ್ದು 24,310. ಅಂದರೆ ಗಲ್ಲಾದ ಕೊರತೆ 400 ಮಾತ್ರ. 1,180 ಅಂತ ಹುಡುಗನ ಮುಂದೆ ನಿಂತಿದ್ದರೆ, ಅದರಲ್ಲಿ 780 ಅಂಗಡಿಯ ಬರವಣಿಗೆಯ ತಪ್ಪಿಗೆ ಅವನು ಬೈಸಿಕೊಳ್ತಿದ್ದ.

ಇನ್ನು 7.42ರ 480. ಅದು ಗಲ್ಲಾದ ಕೊರತೆಯಲ್ಲಿ ಸೇರೋದಿಲ್ಲ, ಬ್ಯಾಂಕಿನ ಕಡೆಯ ನಷ್ಟ. ನೀವು ಮೊತ್ತ ಅಷ್ಟೇ ನೋಡಿದ್ದರೆ ಅದು ಕಾಣ್ತಾನೇ ಇರಲಿಲ್ಲ. 960 ಹೆಚ್ಚು, 480 ಕಡಿಮೆ, ಉಳಿದದ್ದು 480 ಹೆಚ್ಚು ಅಂತ ಸಮಾಧಾನ ಆಗಿಬಿಡ್ತಿತ್ತು.

400 ಅನ್ನೋ ಅಂಕಿನೂ ಮಾತಾಡ್ತದೆ. ನೂರು ಇಸಕೊಂಡು ಐನೂರಕ್ಕೆ ಚಿಲ್ಲರೆ ಕೊಟ್ಟರೆ ಸರಿಯಾಗಿ 400 ಹೋಗ್ತದೆ. ಹಾಗೇ 180 ಕಡಿಮೆ ಬಂದರೆ ಮೊದಲು ನೆನಪಾಗಬೇಕಾದ್ದು ಇಪ್ಪತ್ತು ಮತ್ತು ಇನ್ನೂರರ ನೋಟು. ಒಂದು ಹಸಿರು ಹಳದಿ, ಒಂದು ಗಾಢ ಹಳದಿ, ಸಂಜೆ ಬಲ್ಬಿನ ಬೆಳಕಲ್ಲಿ ಅಣ್ಣ ತಮ್ಮರಂಗೆ ಕಾಣ್ತಾವು. ಕೊರತೆ 9ರಿಂದ ನಿಶ್ಶೇಷ ಭಾಗ ಹೋದರೆ ಅಂಕಿ ತಿರುವು ಮುರುವು ಬರೆದಿರಬಹುದು, 540 ಇದ್ದದ್ದನ್ನ 450 ಅಂತ. ಆದರೆ 180 ಕೂಡ 9ರಿಂದ ಭಾಗ ಹೋಗ್ತದೆ, ಹಾಗಾಗಿ ಇದು ಎಲ್ಲಿ ಹುಡುಕಬೇಕು ಅನ್ನೋದರ ಗುರುತೇ ಹೊರತು ಸಾಕ್ಷಿ ಅಲ್ಲ.

ಕ್ಯಾಮೆರಾ ಇದೆ ಅಂದ್ರಲ್ಲ, ಇಡೀ ದಿನದ್ದು ನೋಡಬೇಡ್ರಿ. ನೂರರೊಳಗಿನ ರೋಖ ಬಿಲ್ಲು ಅಷ್ಟೇ ಆರಿಸ್ರಿ, ಆ ಹೊತ್ತಿನಲ್ಲಿ ಚಿಲ್ಲರೆ ಕೊಡುವಾಗ ಕೈಯಿಂದ ನೂರರ, ಇನ್ನೂರರ ನೋಟು ಹೊರಗೆ ಹೋಗಿದೆಯಾ ನೋಡ್ರಿ. ನೂರಕ್ಕೆ ಚಿಲ್ಲರೆ ಕೊಡೋವಾಗ ಅವು ಹೋಗೋ ಕಾರಣವೇ ಇಲ್ಲ. ಅದಕ್ಕೂ ಮೊದಲು ಕ್ಯಾಮೆರಾ ಗಡಿಯಾರ, ಕಂಪ್ಯೂಟರ್ ಗಡಿಯಾರ ಒಂದೇ ಇವೆಯಾ ನೋಡ್ಕೊಳ್ರಿ. ನಾಲ್ಕು ನಿಮಿಷ ಹಿಂದು ಮುಂದಾದರೆ ಬೇರೆ ಗಿರಾಕಿಯ ಮುಖ ನಿಮ್ಮ ತಲೆಯಲ್ಲಿ ಕೂರ್ತದೆ.

ಮಾರ್ಕೆಟ್_ಗೆಳೆಯ

ಇರಲಿ, ಹುಡುಗಂದು ಬಿಡ್ರಿ. 480 ಮಾತ್ರ ಪಕ್ಕಾ ಮೋಸ. ಖೊಟ್ಟಿ ಸ್ಕ್ರೀನ್ ತೋರಿಸಿ ಹೋಗ್ಯಾನ. ಕ್ಯಾಮೆರಾದಾಗ ಮುಖ ತಗದು ಬಜಾರದ ವಾಟ್ಸಾಪ್ ಗುಂಪಿಗೆ ಹಾಕ್ರಿ.

ಬಾಗಲಕೋಟ_ಅಕ್ಕ

ದಯಮಾಡಿ ಹಾಕಬ್ಯಾಡ್ರಿ. ಖೊಟ್ಟಿ ಸ್ಕ್ರೀನ್ ತೋರಿಸೋ ಆ್ಯಪು ಇರೋದು ಖರೆ, ಆದ್ರ ಸಂತಿ ದಿನ ಸಂಜೀ ನೆಟ್‌ವರ್ಕ್ ಕುಂತಿರೋದು ಅಷ್ಟ ಖರೆ. ಗಿರಾಕಿ ಖಾತೆಯಿಂದ ರೊಕ್ಕ ಹೋಗಿ, ಅಂಗಡಿಗೆ ಖಾತ್ರಿ ಬರದ ನಡುವ ನಿಂತಿದ್ರ, ಐದು ದಿನದೊಳಗ ಅವರ ಖಾತೆಗೆ ತಾನ ವಾಪಸ್ ಹೋಗಬೇಕು ಅಂತ ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ ಐತಿ. ಆ ಗಿರಾಕಿಗೆ ತಮ್ಮ ರೊಕ್ಕ ವಾಪಸ್ ಬಂದದ್ದು ಗೊತ್ತಿರಾಕಿಲ್ಲ. ಮುಂದಿನ ಸಲ ಬಂದಾಗ, ಬ್ಯಾರೇ ಗಿರಾಕಿ ಇಲ್ಲದಾಗ, "ಅಣ್ಣಾರ, ಅವತ್ತಿನ 480 ನಮಗ ಮುಟ್ಟಿಲ್ಲ, ನಿಮ್ಮ ಖಾತೆಗೆ ತಿರುಗಿ ಬಂದೈತೇನೋ ನೋಡ್ರಿ" ಅಂದ್ರ ಸಾಕು. ಪ್ರಾಮಾಣಿಕರಿದ್ರ ಅಲ್ಲೇ ಫೋನ್ ತಗದು ನೋಡ್ತಾರ. ಮೋಸ ಮಾಡಿದವರಿದ್ರ ಅವರು ಬರೂದ ಇಲ್ಲ.

ಮುಂದ ಹಂಗಾಗಬಾರದಂದ್ರ ಗಿರಾಕಿ ಫೋನ್ ನೋಡೂದ ಬಿಡಬೇಕು. ಅವರು ಪರದೆ ನಮ್ಮ ಮುಂದ ಹಿಡಿಯೋದು, ನಾವು ಕಣ್ಣು ಕಿರಿದು ಮಾಡಿ ಓದೋದು, ಅವಮಾನ ಶುರು ಆಗೋದ ಅಲ್ಲಿ. ನಮ್ಮ ಕಡೆ ಸ್ಪೀಕರ್ ಡಬ್ಬಿ ಕೂಗಿದ್ರ ಬಂತು, ಇಲ್ಲಾಂದ್ರ ನಮ್ಮ ಆ್ಯಪಿನ ಪಟ್ಟಿ ನೋಡಿದ್ರಾತು. ಡಬ್ಬಿ ಕೂಗಲಿಲ್ಲಂದ್ರ ಹುಡುಗ ಅನ್ನಬೇಕಾದ್ದು "ನಮ್ಮ ಡಬ್ಬಿ ಇನ್ನೂ ಕೂಗಿಲ್ರಿ, ಒಂದು ನಿಮಿಷ". ತಪ್ಪು ಡಬ್ಬಿ ಮ್ಯಾಲ ಇರಲಿ, ಗಿರಾಕಿ ಮ್ಯಾಲ ಬ್ಯಾಡ. ಆ ನಿಮಿಷ ಸಾಮಾನಿನ ಚೀಲ ಕೌಂಟರಿನ ಒಳಗ ಇರಲಿ, ಕೊಟ್ಟಮ್ಯಾಲ ಇಸಗೊಳ್ಳಾಕ ಹೋದ್ರ ಜಗಳ. ಆಮ್ಯಾಲೂ ಬರಲಿಲ್ಲಂದ್ರ, ವ್ಯವಹಾರದ 12 ಅಂಕಿಯ ನಂಬರಿನಾಗ ಕೊನೀ ನಾಲ್ಕು ಅಂಕಿ, ಅವರ ಫೋನ್ ನಂಬರು ಬಿಲ್ಲಿನ ಹಿಂದ ಬರಕೊಳ್ರಿ. ಗುರ್ತಿನವರಿದ್ರ ಕಳಿಸ್ರಿ.

ಇನ್ನೊಂದು ಮಾತು. ಮುಂಜಾನೆ ಬಾಗಲಾ ತಗದ ಕೂಡ್ಲೇ ನಿಮ್ಮ ಫೋನಿನಿಂದ ಆ ಕ್ಯೂಆರ್ ಚೀಟಿಗೆ ಒಂದು ರೂಪಾಯಿ ಹಾಕಿ ನೋಡ್ರಿ. ಹೊರಗ ಅಂಟಿಸಿದ ಚೀಟಿ ಮ್ಯಾಲ ಬ್ಯಾರೇಯವರು ತಮ್ಮ ಚೀಟಿ ಅಂಟಿಸಿದ್ರ, ಗಿರಾಕಿ ಖರೇನ ರೊಕ್ಕ ಕೊಟ್ಟಿರ್ತಾರ, ನಿಮಗ ಮುಟ್ಟಿರೂದಿಲ್ಲ. ಚೀಟಿ ಗಾಜಿನ ಒಳಗಿದ್ರ ಛಲೋ.

ಕಿರ್ದಿ_ಖಾತೆ

ಅಕ್ಕಾರು ಹೇಳಿದ್ದು ಸರಿ. ನೋಟಿಗೂ ಅಂಥದ್ದೇ ಒಂದು ಪದ್ಧತಿ ಬೇಕು. ಗಿರಾಕಿ ಕೊಟ್ಟ ನೋಟು ನೇರ ಗಲ್ಲಾದೊಳಗೆ ಹಾಕಬಾರದು. ಮೇಲೆ ಒಂದು ಕ್ಲಿಪ್ಪು ಅಥವಾ ಕಲ್ಲಿನ ಕೆಳಗೆ ಇಟ್ಟು, ಬಾಯಿಬಿಟ್ಟು ಹೇಳ್ಬೇಕು: "ಐನೂರು ಕೊಟ್ರಿ, ಬಿಲ್ಲು 86, ನಿಮಗ 414." ಗಿರಾಕಿ ಚಿಲ್ಲರೆ ಎಣಿಸಿ ಹೂಂ ಅಂದ ಮೇಲೆ ನೋಟು ಒಳಗೆ. "ನಾ ಐನೂರು ಕೊಟ್ಟಿದ್ದೆ" ಅನ್ನೋ ವಾದಕ್ಕೆ ಜಾಗವೇ ಇರೋದಿಲ್ಲ, ಯಾಕಂದರೆ ನೋಟು ಇಬ್ಬರ ಕಣ್ಣ ಮುಂದೇ ಇರ್ತದೆ. ಈ ಪದ್ಧತಿ ಗಿರಾಕಿಗೂ ಹಿಡಿಸ್ತದೆ, ಅವರ ರೊಕ್ಕಕ್ಕೂ ಅದೇ ರಕ್ಷಣೆ.

ಚಿಲ್ಲರೆ ಆಟ ಆಡೋರು ಇದನ್ನೇ ಮುರಿಯೋಕೆ ನೋಡ್ತಾರೆ. ಸಣ್ಣ ಸಾಮಾನಿಗೆ ಐನೂರು ಕೊಡ್ತಾರೆ. ಚಿಲ್ಲರೆ ಎಣಿಸೋವಾಗ "ತಡೀರಿ, ನನ್ಹತ್ರ ಇಪ್ಪತ್ತು ಐತಿ, ಐನೂರು ಕೊಡ್ರಿ" ಅಂತಾರೆ, ಆಮೇಲೆ "ಈ ನಾಲ್ಕು ನೂರಕ್ಕ ಎರಡು ಇನ್ನೂರು ಕೊಡ್ರಿ" ಅಂತಾರೆ. ಎರಡು ವ್ಯವಹಾರ ಒಂದರೊಳಗೊಂದು ಸೇರಿದರೆ ಎಂಥ ಲೆಕ್ಕದವನೂ ತಪ್ತಾನೆ. ಉತ್ತರ ಒಂದೇ: "ಮೊದಲಿಂದು ಮುಗಸೂಣ್ರಿ, ಆಮ್ಯಾಲ ಮುರಿಸಿ ಕೊಡ್ತೀನಿ." ಗಲ್ಲಾ ಮುಚ್ಚಿ, ಮತ್ತೆ ತೆರೆದು, ಹೊಸದಾಗಿ ಶುರು. ಮುರಿಸೋಕೆ ಕೇಳೋರು ನೂರಕ್ಕೆ ತೊಂಬತ್ತೊಂಬತ್ತು ಜನ ಒಳ್ಳೆಯವರೇ, ಹಾಗಾಗಿ ಈ ಮಾತನ್ನ ಎಲ್ಲರಿಗೂ ಒಂದೇ ದನಿಯಲ್ಲಿ ಹೇಳಬೇಕು.

ಇನ್ನು ಬಿಲ್ ಮಾಡದ ವ್ಯಾಪಾರ. ಗಿರಾಕಿ ಕೇಳದಿದ್ದರೆ 200 ರೂಪಾಯಿಗಿಂತ ಕಡಿಮೆ ಮಾರಾಟಕ್ಕೆ ಬೇರೆ ಬೇರೆ ಬಿಲ್ಲು ಬೇಡ, ದಿನದ ಕೊನೆಗೆ ಒಂದೇ ಬಿಲ್ಲು ಸಾಕು ಅಂತ ಜಿಎಸ್‌ಟಿಯಲ್ಲಿ ಅನುಕೂಲ ಇದೆ. ಅದನ್ನೇ ಹಿಡಿದು ಬಹಳ ಅಂಗಡಿಯಲ್ಲಿ ಸಣ್ಣ ವ್ಯಾಪಾರ ಕಂಪ್ಯೂಟರಿಗೆ ಹೋಗೋದೇ ಇಲ್ಲ. ತೆರಿಗೆಗೆ ಬೇಡವಾದರೂ ನಿಮ್ಮ ಲೆಕ್ಕಕ್ಕೆ ಬೇಕು. ಹುಡುಗನ ಹೆಸರಿನ ಲಾಗಿನ್‌ನಿಂದ ಬಿಲ್ ಅಳಿಸೋ ಅಧಿಕಾರ ತೆಗೆದುಬಿಡ್ರಿ. ಬಿಲ್ ತಪ್ಪಾದರೆ ಕಾಗದ ಇಟ್ಟುಕೊಂಡು, ರಾತ್ರಿ ನೀವೇ ರದ್ದು ಮಾಡ್ರಿ. ಇದು ಹುಡುಗನ ಮೇಲಿನ ಸಂಶಯ ಅಲ್ಲ. ಅಳಿಸೋಕೆ ಬರೋದಿಲ್ಲ ಅಂತ ಗೊತ್ತಿದ್ದರೆ ನಾಳೆ ಅವನ ಮೇಲೆ ಯಾರೂ ಬೆರಳು ತೋರಿಸೋಕಾಗೋದಿಲ್ಲ.

ಇಳಕಲ್_ಸೀರೆ

ನಮ್ಮಲ್ಲಿ ಗಲ್ಲಾಕ್ಕಿಂತ ಸೀರೆದ್ದ ಚಿಂತಿ. ಹಬ್ಬದಾಗ ಐದಾರು ಮಂದಿ ಹೆಣ್ಮಕ್ಕಳು ಕೂಡಿ ಬರ್ತಾರ, ಗಾದಿ ಮ್ಯಾಲ ಮೂವತ್ತು ಸೀರೆ ಹರವಿರ್ತೀವಿ. ಒಂದು ಹೋದ್ರ ಗೊತ್ತಾಗೋದು ಮರುದಿನ. ಇದಕ್ಕೇನ್ ಮಾಡ್ಬೇಕ್ರಿ?

ಬಾಗಲಕೋಟ_ಅಕ್ಕ

ನಿಮ್ದು ಬ್ಯಾರೇ ವ್ಯಾಪಾರ, ಆದ್ರ ಉಪಾಯ ಅದ. ಹರವೂದು ಆರು ಸೀರೆ, ಏಳನೇದು ತಗೆಯೂ ಮೊದಲ ಬ್ಯಾಡಾದ್ದು ಮಡಿಚಿ ಕಪಾಟಿಗೆ. ತೋರಿಸೋರೊಬ್ರು, ಮಡಿಚೋರೊಬ್ರು. ಆರು ಅನ್ನೋದು ಕಣ್ಣಿಗೆ ಎಣಿಕಿಲ್ದ ತಿಳೀತೈತಿ, ಮೂವತ್ತು ತಿಳಿಯಂಗಿಲ್ಲ.

ಜಮಖಂಡಿಯವರ ರ‍್ಯಾಕಿಗೂ ಇದ ಮಾತು. ಎಲ್ಲಾ ಸಾಮಾನು ಕಾಯಾಕ ಆಗೂದಿಲ್ಲ, ಕಾಯೂದೂ ಬ್ಯಾಡ. ಸಣ್ಣದು, ತುಟ್ಟೀದು, ಕಿಸೇದಾಗ ಹೋಗೂವಂಥಾ 12 ನಮೂನಿ ಆರಿಸ್ಕೊಳ್ರಿ. ನೀವು ಹೇಳಿದ ಬ್ಲೇಡು, ಬಣ್ಣ, ಸಣ್ಣ ತುಪ್ಪ ಅದ್ರಾಗ ಬರ್ತಾವು; ಗೋಡಂಬಿ, ಯಾಲಕ್ಕಿ, ಸೆಂಟು, ತುಟ್ಟಿ ಚಾಕಲೇಟು ಸೇರಸ್ರಿ. ಒಂದೊಂದರ ಎರಡ ಪಾಕೀಟು ಮುಂದ ಇಡ್ರಿ, ಉಳಿದದ್ದು ಕೌಂಟರಿನ ಹಿಂದ. ಒಂದು ಹೋದ ಕೂಡ್ಲೇ ಜಾಗ ಖಾಲಿ ಕಾಣ್ತೈತಿ, ಒಳಗಿನ ಹುಡುಗ ತುಂಬಸೂ ಮುಂದ ಬಿಲ್ಲಿನ ಹುಡುಗನ್ನ ಕೇಳ್ತಾನ, "ತುಪ್ಪ ಹೋತೇನು?"

ಆ 12ನ್ನ ದಿನಕ್ಕ ಎರಡು ಸಲ ಎಣಸ್ರಿ, ಮಧ್ಯಾಹ್ನ ಎರಡಕ್ಕ, ರಾತ್ರಿ ಬಾಗಲಾ ಹಾಕೂ ಮುಂದ. ಹತ್ತು ನಿಮಿಷದ ಕೆಲಸ. ಮುಂಜಾನೆ ಇದ್ದದ್ದು, ಹೊಸದಾಗಿ ಇಟ್ಟದ್ದು ಕೂಡಿಸಿ, ಬಿಲ್ಲಾದದ್ದು ಕಳೀರಿ. ಎರಡು ವಾರ ಬರದ್ರ ಯಾವ ಹೊತ್ತಿನಾಗ ಹೋಗತೈತಿ ಅಂತ ತಾನ ಕಾಣ್ತೈತಿ. ಅಂಗಡಿ ಖಾಲಿ ಇರೂ ಮಧ್ಯಾಹ್ನದ ಹೊತ್ತಿನಾಗ ಹೋಗಾಕತ್ತಿದ್ರ ಗದ್ದಲದ ಗಿರಾಕಿ ಮ್ಯಾಲ ಹಾಕಬ್ಯಾಡ್ರಿ, ಒಳಗಿನ ಕಡೆ ನೋಡ್ರಿ. ಸಾಮಾನು ಇಳಿಸಿಕೊಳ್ಳೂ ಮುಂದನ ಕಡಿಮಿ ಬಂದಿದ್ರೂ ಹಿಂಗ ಕಾಣ್ತೈತಿ. ಬಾಕ್ಸಿನ ಮ್ಯಾಲ 24 ಅಂತ ಬರದಿದ್ರ ಒಡದು 24 ಎಣಿಸಿ ಸಹಿ ಮಾಡ್ರಿ.

ಗೋಕಾಕ_ಫ್ಯಾನ್ಸಿ

ನಮ್ಮಲ್ಲಿ ಚೀಲ ಹೊರಗ ಇಡಸ್ತೀವಿ, ಟೋಕನ್ ಕೊಡ್ತೀವಿ. ಆರಾಮ ಐತಿ.

ಬಾಗಲಕೋಟ_ಅಕ್ಕ

ಅಕ್ಕಾರ, ಟೋಕನ್ ಇಟ್ರ ಎಲ್ಲಾರಿಗೂ ಇಡಬೇಕು. ತಹಶೀಲ್ದಾರರ ಮನಿಯವರ ಚೀಲಕ್ಕ ಬ್ಯಾಡ, ಹಳ್ಳಿಯಿಂದ ಬಂದ ಅಜ್ಜಿ ಗಂಟಿಗೆ ಬೇಕು ಅಂದ್ರ ಅದಕ್ಕಿಂತ ದೊಡ್ಡ ಅವಮಾನ ಇಲ್ಲ, ಮತ್ತ ಆಕಿ ಅದನ್ನ ಮರೆಯೂದೂ ಇಲ್ಲ. ಗಂಟಿನಾಗ ಆಕಿ ರೊಕ್ಕ, ಔಷಧ ಇರ್ತಾವು. ಸಣ್ಣ ಅಂಗಡಿಗೆ ಬುಟ್ಟಿ ಸಾಕು. ಒಳಗ ಬಂದ ಕೂಡ್ಲೇ "ಬರ್ರಿ ಆಯಿ, ಬುಟ್ಟಿ ತಗೋರಿ, ಕೈ ಖಾಲಿ ಆಗ್ತೈತಿ" ಅಂತ ಕೈಗೆ ಕೊಡೂದು. ಬುಟ್ಟಿ ಇದ್ದವರು ಸಾಮಾನು ಬುಟ್ಟ್ಯಾಗ ಹಾಕ್ತಾರ; ಚೀಲದಾಗ ಹಾಕಿದ್ದು ಎದ್ದು ಕಾಣ್ತೈತಿ. ಮರತು ಚೀಲಕ್ಕ ಹಾಕಿದವರಿಗೂ ಬಾಗಲಾ ಐತಿ: ಬಿಲ್ ಮುಗಸೂ ಮುಂದ ಎಲ್ಲಾರಿಗೂ "ಇನ್ನೇನರ ಬಿಲ್ಲಿಗೆ ಉಳದೈತೇನ್ರಿ?" ಅಂತ ಕೇಳ್ರಿ.

ಗೋಕಾಕ_ಫ್ಯಾನ್ಸಿ

ಫ್ಯಾನ್ಸಿ ಅಂಗಡ್ಯಾಗ ಬುಟ್ಟಿ ನಡೆಯೂದಿಲ್ರಿ. ಕ್ಲಿಪ್ಪು, ಬಿಂದಿ ಬುಟ್ಟ್ಯಾಗ ಕಾಣಸೂದ ಇಲ್ಲ. ನಾವು ಟೋಕನ್ ಬಿಡಂಗಿಲ್ಲ.

ಮಾರ್ಕೆಟ್_ಗೆಳೆಯ

ಕಣ್ಣಾರೆ ಕಂಡ್ರ? ಹಿಡದು ಕೂಡಿಹಾಕಿ, ಚೀಲ ಝಾಡಿಸಿ, ಪೊಲೀಸರಿಗೆ ಕೊಡಾಕ ಕಾಯ್ದೆದಾಗ ಐತಿ. ಸಾರ್ವಜನಿಕರೂ ಬಂಧಿಸಬಹುದು.

ವಿಜಯಪುರ_ವಕೀಲ

ಅರ್ಧ ಸರಿ. ಖಾಸಗಿ ವ್ಯಕ್ತಿ ಹಿಡಿಯಬಹುದಾದದ್ದು ತನ್ನ ಎದುರಿಗೇ ನಡೆದ, ಜಾಮೀನು ರಹಿತ ಮತ್ತು ಪೊಲೀಸರು ನೇರವಾಗಿ ಕ್ರಮ ಕೈಗೊಳ್ಳಬಹುದಾದ ಅಪರಾಧಕ್ಕೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಲ್ಲಿ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಸಲ ಕದ್ದವರು ಅದನ್ನು ಅಥವಾ ಅದರ ಬೆಲೆಯನ್ನು ಹಿಂತಿರುಗಿಸಿದರೆ ಶಿಕ್ಷೆ ಸಮುದಾಯ ಸೇವೆ ಮಾತ್ರ. ಅಂಥ ಪ್ರಕರಣ ಜಾಮೀನಿಗೆ ಅರ್ಹ, ಪೊಲೀಸರೂ ನೇರವಾಗಿ ಬಂಧಿಸುವ ವರ್ಗದ್ದಲ್ಲ. ತುಪ್ಪದ ಡಬ್ಬಿಗಾಗಿ ಒಬ್ಬರನ್ನು ಗೋದಾಮಿನಲ್ಲಿ ಕೂಡಿಹಾಕಿದರೆ ಅಕ್ರಮ ಬಂಧನದ ದೂರು ಅಂಗಡಿಯವರ ಮೇಲೇ ಬರುತ್ತದೆ. ಹೆಣ್ಣುಮಕ್ಕಳ ಮೈ, ಚೀಲ ಮುಟ್ಟುವ ಮಾತೇ ಬೇಡ. ವಾಟ್ಸಾಪಿಗೆ ಮುಖ ಹಾಕಿ "ಕಳ್ಳ" ಎಂದು ಬರೆದರೆ ಮಾನಹಾನಿ ಆಗಬಹುದು.

ಕಂಡಾಗ ಮಾಡಬಹುದಾದದ್ದು ಇಷ್ಟು: ಬಾಗಿಲು ದಾಟುವ ಮೊದಲೇ, ಹತ್ತಿರ ಹೋಗಿ, ಮೆಲ್ಲಗೆ "ಅದನ್ನೂ ಬಿಲ್ಲಿಗೆ ಹಾಕಲೇನ್ರಿ?" ಎನ್ನುವುದು. ಮರೆತವರಿಗೂ ಮಾನ ಉಳಿಯುತ್ತದೆ, ಬೇಕಂತಲೇ ಮಾಡಿದವರಿಗೂ ಇಟ್ಟು ಹೋಗಲು ದಾರಿ ಸಿಗುತ್ತದೆ. ನೀವೇ ಕಣ್ಣಾರೆ ಕಂಡಿರದಿದ್ದರೆ, ನಡುವೆ ಒಂದು ಕ್ಷಣ ಕಣ್ಣು ತಪ್ಪಿದ್ದರೂ, ಅದನ್ನೂ ಕೇಳಬೇಡಿ.

ಜಮಖಂಡಿ_ಕಿರಾಣಿ

ಕ್ಯಾಮೆರಾ ನೋಡಿದೆ ಅಣ್ಣಾರ. ಗಡಿಯಾರ ಆರು ನಿಮಿಷ ಹಿಂದಿತ್ತು, ಸರಿ ಮಾಡಿ ಹುಡುಕಿದೆ. 64 ರೂಪಾಯಿ ಬಿಲ್ಲಿಗೆ ನೂರರ ನೋಟು ಇಸಕೊಂಡು, ಎರಡು ಇನ್ನೂರರ ನೋಟು ಮತ್ತು 36 ಚಿಲ್ಲರೆ ಕೊಟ್ಟಾನ. ಗಿರಾಕಿ ಎಣಿಸದ ಕಿಸೇಕ್ಕ ಹಾಕ್ಕೊಂಡು ಹೋದ್ರು, ಮುಖ ಗುರ್ತು ಸಿಗವಲ್ದು. ಹುಡುಗಗ ಬೈದಿಲ್ಲ, ವಿಡಿಯೋ ತೋರಿಸಿ ಕ್ಲಿಪ್ಪು ತಂದು ಕೊಟ್ಟೀನಿ. ಹಳೇ ಉದ್ರಿ ಜಮಾಕ್ಕ ಬ್ಯಾರೇ ಚೀಟಿ ಪುಸ್ತಕ ಮಾಡೀನಿ. 480ದವರು ಇನ್ನೂ ಬಂದಿಲ್ಲ.

ಒಂದು ಉಳೀತು. ಈ 400 ಅವನ ಪಗಾರದಾಗ ಮುರಕೊಳ್ಳಬೇಕೋ ಬ್ಯಾಡೋ? ಮನ್ಯಾಗ ಮುರಕೋ ಅಂತಾರ.

ಮಾರ್ಕೆಟ್_ಗೆಳೆಯ

ಪೂರಾ ಬ್ಯಾಡ, ಅರ್ಧ ಮುರೀರಿ. ಇಲ್ಲಾಂದ್ರ ಕಾಳಜಿ ಬರಂಗಿಲ್ಲ.

ಕಿರ್ದಿ_ಖಾತೆ

ನನ್ನ ಅಭಿಪ್ರಾಯ ಬೇರೆ. ಮುರಕೊಳ್ಳೋಕೆ ಶುರು ಮಾಡಿದರೆ ಕಡಿಮೆ ಬಿದ್ದ ದಿನ ಹುಡುಗ ಹೇಳೋದಿಲ್ಲ. ಹೆಚ್ಚು ಬಿದ್ದ ದಿನದ್ದನ್ನ ಬಚ್ಚಿಟ್ಟು, ಕಡಿಮೆ ಬಿದ್ದ ದಿನ ತುಂಬಿಸ್ತಾನೆ, ನಿಮ್ಮ ಗಲ್ಲಾ ದಿನಾ ಸರಿ ಬರ್ತದೆ, ನಿಮಗೆ ಏನೂ ತಿಳಿಯೋದಿಲ್ಲ. ಹೆಚ್ಚು ಬಂದದ್ದನ್ನೂ ಕಡಿಮೆ ಬಂದದ್ದನ್ನೂ ಕಿರ್ದಿಯಲ್ಲಿ ಒಂದೇ ಕಲಮಿನಲ್ಲಿ ತಿಂಗಳು ಪೂರ್ತಿ ಬರೀರಿ. ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಬರ್ತಿದ್ದರೆ ಅದು ಕೈತಪ್ಪು. ಸತತ ಕಡಿಮೆಯೇ ಬಂದರೆ ಆಗ ಕೂತು ಮಾತಾಡ್ರಿ.

ವಿಜಯಪುರ_ವಕೀಲ

ಮುರಿಯುವುದಾದರೂ ಅವನ ಮಾತು ಕೇಳದೇ ಮುರಿಯುವ ಹಾಗಿಲ್ಲ. ಅವನ ನಿರ್ಲಕ್ಷ್ಯದಿಂದಲೇ ಹೋಯಿತು ಎಂದು ತೋರಿಸುವ ಹೊಣೆ ಯಜಮಾನರದ್ದು. ಇಲ್ಲಿ ವಿಡಿಯೋ ಇದೆ, ಸರಿ. ಆದರೆ ಸಂತೆ ದಿನ ಆ ಹುಡುಗನನ್ನು ಎಷ್ಟು ತಾಸು ಎಬ್ಬಿಸದೇ ಗಲ್ಲಾದ ಮೇಲೆ ಕೂಡಿಸಿದ್ದಿರಿ?

ಜಮಖಂಡಿ_ಕಿರಾಣಿ

ಮುಂಜಾನೆ ಎಂಟರಿಂದ ರಾತ್ರಿ ಒಂಬತ್ತೂವರೆ, ಊಟಕ್ಕ ಅರ್ಧ ತಾಸು ಬಿಟ್ರ. ಮುಂದಿನ ಸಂತಿಗೆ ನಾಲ್ಕರಿಂದ ಆರರ ತನಕ ನಾನ ಕುಂದ್ರತೀನ್ರಿ. ಕುಂದ್ರೂ ಮೊದಲ ಗಲ್ಲಾ ಎಣಿಸಿ ಇಬ್ರೂ ಸಹಿ ಹಾಕ್ತೀವಿ.